ಫೋಟೊದಲ್ಲಿ ಕಾಣದವರಿಗೆ ನಾಲ್ಕು ಸಾಲು

ಕಳೆದ ತಿಂಗಳು ತಂಗಿಯ 25ನೇ ಹುಟ್ಟುಹಬ್ಬಕ್ಕೆ ಅವಳ ಗೆಳೆಯರು ಗುಟ್ಟಾಗಿ ಪಾರ್ಟಿ ಇಟ್ಟಿದ್ದರು. ಮರುದಿನ ಅವಳು ಫೋಟೊ ಕಳಿಸಿ, ‘ಅಕ್ಕಾ, ಇನ್‌ಸ್ಟಾಗ್ರಾಮ್‌ಗೆ ಹಾಕ್ತಿದ್ದೀನಿ, ಕ್ಯಾಪ್ಷನ್ ಸರಿಯಿದೆಯಾ ನೋಡು’ ಅಂದಳು. ‘ಮರೆಯಲಾಗದ ದಿನ. ಎಲ್ಲ ಗೆಳೆಯರಿಗೂ ಹೃತ್ಪೂರ್ವಕ ಧನ್ಯವಾದಗಳು’ ಎಂದು ಬರೆದಿದ್ದಳು.

ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇದೇ ಸಾಲನ್ನು ಬೇರೆ ಯಾರದೋ ಹುಟ್ಟುಹಬ್ಬದ ಫೋಟೊ ಕೆಳಗೆ ಅಂಟಿಸಿದರೂ ನಡೆಯುತ್ತದೆ. ಕ್ಯಾಪ್ಷನ್ ಸೋತಿದೆ ಎಂದು ತಿಳಿಯುವುದು ಹೀಗೆಯೇ. ಅವಳ ಬೆರಗು, ಕೇಕು, ಬಲೂನು ಎಲ್ಲ ಫೋಟೊದಲ್ಲೇ ಇವೆ. ಅದರಲ್ಲಿ ಕಾಣದಿರುವುದು ಬಾಗಿಲು ತೆರೆಯುವ ಮುಂಚಿನ ಓಡಾಟ. ಕ್ಯಾಪ್ಷನ್ ಹೇಳಬೇಕಾದದ್ದು ಅದನ್ನು.

‘ನಿನ್ನನ್ನು ಟೆರೇಸಿಗೆ ಹೇಗೆ ಕರೆದರು?’ ಎಂದು ಕೇಳಿದೆ. ನೀರಿನ ಟ್ಯಾಂಕ್ ತುಂಬಿ ಹರೀತಿದೆ ಎಂದು ಒಬ್ಬಳು ಸುಳ್ಳು ಹೇಳಿದ್ದಳಂತೆ. ಕೇಕ್ ಬೆಳಿಗ್ಗೆಯಿಂದ ಕೆಳಗಿನ ಮನೆ ಆಂಟಿಯ ಫ್ರಿಜ್ಜಿನಲ್ಲಿತ್ತು. ಒಬ್ಬ ಅರ್ಧ ದಿನ ರಜೆ ಹಾಕಿ ಬಲೂನು ಊದಿದ್ದ. ಫೋಟೊ ತೆಗೆದ ಗೆಳತಿ ಸಹಜವಾಗಿಯೇ ಫೋಟೊದಲ್ಲಿ ಇರಲಿಲ್ಲ. ಇಂಥವರೇ ಸಾಮಾನ್ಯವಾಗಿ ಬಿಟ್ಟುಹೋಗುವುದು.

ಇಷ್ಟು ಸಿಕ್ಕಮೇಲೆ ಬರೆಯುವುದು ಸುಲಭ. ಇನ್‌ಸ್ಟಾಗ್ರಾಮ್ ಕ್ಯಾಪ್ಷನ್‌ಗೆ 2,200 ಅಕ್ಷರಗಳ ಮಿತಿಯಿದೆ, ಆದರೆ ಸ್ಕ್ರೋಲ್ ಮಾಡುವವರಿಗೆ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಮಡಚಿಕೊಂಡಿರುತ್ತದೆ. ಆದ್ದರಿಂದ ಎಲ್ಲಕ್ಕಿಂತ ಸ್ವಾರಸ್ಯದ ಆ ಸುಳ್ಳನ್ನೇ ಮೊದಲು ಇಟ್ಟೆವು. ‘ಹೃತ್ಪೂರ್ವಕ’ ಸಮಾರಂಭದ ವಂದನಾರ್ಪಣೆಗೆ ಒಪ್ಪುವ ಮಾತು; ದಿನವೂ ‘ಲೋ’, ‘ಲೇ’ ಎನ್ನುವವರ ನಡುವೆ ಅದು ದೂರದ ದನಿ. ಅದನ್ನು ತೆಗೆದೆವು. ಕೊನೆಗೆ ಆದದ್ದು ಇಷ್ಟು:

‘ಟ್ಯಾಂಕ್ ತುಂಬಿ ಹರೀತಿದೆ ಅಂತ ನನ್ನನ್ನ ಮೇಲಕ್ಕೆ ಓಡಿಸಿದವಳೇ, ರಜೆ ಹಾಕಿ ಬಲೂನು ಊದಿದವನೇ, ಎಲ್ಲರ ಫೋಟೊ ತೆಗೆದು ತಾನೇ ಫೋಟೊದಲ್ಲಿ ಇಲ್ಲದವಳೇ, ಥ್ಯಾಂಕ್ಸ್ ಕಣ್ರೋ. ಆಂಟಿ, ನಿಮ್ಮ ಫ್ರಿಜ್ಜಿಗೂ ನಿಮಗೂ ನಮಸ್ಕಾರ.’

ಒಬ್ಬೊಬ್ಬರ ಕೆಲಸದ ಪಕ್ಕದಲ್ಲೇ @ ಹಾಕಿ ಅವರ ಹೆಸರು ಸೇರಿಸಿದಳು. ಮುಖಗಳ ಮೇಲೆ ಟ್ಯಾಗ್ ಮಾಡಿ ಸುಮ್ಮನಾಗಿದ್ದರೆ ಫೋಟೊ ತೆಗೆದವಳಿಗೆ ಜಾಗವೇ ಸಿಗುತ್ತಿರಲಿಲ್ಲ. ಯಾರು ಎಷ್ಟು ದುಡ್ಡು ಹಾಕಿದರು ಎಂಬುದನ್ನು ಮಾತ್ರ ಬರೆಯಲಿಲ್ಲ. ಕಡಿಮೆ ಕೊಟ್ಟವರಿಗೆ ಅದು ಮುಜುಗರ.

ಪೋಸ್ಟ್ ಮಾಡಿದ ಮೇಲೆ ಅಮ್ಮನ ನೆನಪಾಯಿತು. ವಾರವಿಡೀ ಫೋನಿನಲ್ಲಿ ಮಾತಾಡಿಯೂ ಗುಟ್ಟು ಬಿಡದವಳು ಅವಳು. ಕೆಳಗೆ ಕಾಮೆಂಟಿನಲ್ಲಿ ಸೇರಿಸಿದರೆ ಮರೆತದ್ದು ಎದ್ದು ಕಾಣುತ್ತದೆ. ತಂಗಿ ‘ಎಡಿಟ್’ ಒತ್ತಿ ಕ್ಯಾಪ್ಷನ್ನಿಗೇ ಒಂದು ಸಾಲು ಸೇರಿಸಿದಳು: ‘ಏನೂ ಗೊತ್ತಿಲ್ಲದ ಹಾಗೆ ಊಟ ಆಯ್ತಾ ಅಂತ ಕೇಳ್ತಿದ್ದ ಅಮ್ಮಾ, ನಿನಗೂ.’