ಕೌದಿಯ ಹೊಟ್ಟೆಯೊಳಗೆ ಐದು ಕಾಳು

ನಾನು ಹುಟ್ಟಿದ ವರ್ಷ, 1981ರಲ್ಲಿ, ಆಯಿ ಒಂದು ಕೌದಿ ಹೊಲಿದಿಟ್ಟಳು. ‘ಇಕಿ ಮದವಿಗೆ ಕೊಡ್ರಿ’ ಅಂದಿದ್ದಳಂತೆ. ಮದುವೆಯಾಗಿ ಊರು ಬಿಡುವಾಗ ಬಸ್ಸಿನಲ್ಲಿ ಒಯ್ಯಲು ಭಾರವೆಂದು ಅದನ್ನು ತವರಿನ ಟ್ರಂಕಿನಲ್ಲೇ ಬಿಟ್ಟುಬಂದೆ. 2019ರ ಬೇಸಿಗೆಯಲ್ಲಿ ಬಾದಾಮಿ ಹತ್ತಿರದ ನಮ್ಮ ಹಳೆ ಮನೆ ಕೆಡವುವಾಗ ಟ್ರಂಕು ಹೊರಗೆ ಬಂತು. ಮೂವತ್ತೆಂಟು ವರ್ಷ ಮಡಚಿದ್ದ ಕೌದಿಯನ್ನು ನಾನು ಮೊದಲ ಸಲ ಬಿಚ್ಚಿದ್ದು ಆಗ.

ಬಿಚ್ಚಿದವಳು ಮೊದಲು ಮಾಡಿದ ಕೆಲಸವೇ ತಪ್ಪು. ಹಳೆ ವಾಸನೆ ಹೋಗಲಿ ಎಂದು ಅಂಗಳದ ಹಗ್ಗದ ಮೇಲೆ ಹಾಕಿದೆ. ಒಂದು ತಾಸಿನಲ್ಲಿ ಟಪ್ ಟಪ್ ಎಂದು ಹೊಲಿಗೆ ಹರಿಯತೊಡಗಿತು. ನಾಲ್ಕೈದು ಪದರದ ಕೌದಿಯ ಭಾರವೆಲ್ಲ ಹಗ್ಗದ ಮೇಲಿನ ಒಂದೇ ಗೆರೆಯಲ್ಲಿ ನಿಲ್ಲುತ್ತದೆ. ಆ ಗೆರೆ ಮೊದಲೇ ಮಡಿಕೆ ಬಿದ್ದು ಸವೆದ ಜಾಗವಾಗಿದ್ದರೆ ನೂಲು ತಡೆಯುವುದಿಲ್ಲ. ಸೋದರತ್ತೆ ಓಡಿಬಂದು ‘ಹಗ್ಗದ ಮ್ಯಾಲ ಹಾಕಬ್ಯಾಡ ಯವ್ವಾ, ಹರೀತದ. ಕೆಳಗ ಹಾಸು’ ಅಂದಳು. ನೆರಳಿನಲ್ಲಿ ಬಿಳಿ ಧೋತರ ಹಾಸಿ ಅದರ ಮೇಲೆ ಹರವಿದೆವು. ಅತ್ತೆ ಪಕ್ಕದಲ್ಲಿ ಕೂತು ಬೆರಳಾಡಿಸುತ್ತ ಕೌದಿಯನ್ನು ಓದಲು ಶುರು ಮಾಡಿದಳು. ಓದುವುದು ಎಂದೇ ಹೇಳಬೇಕು, ಯಾಕೆಂದರೆ ಕೌದಿಗೆ ಮೊದಲು ಮತ್ತು ಕೊನೆ ಇರುತ್ತದೆ.

ನಮ್ಮ ಕಡೆ ಕೌದಿಗೆ ಹೊಸ ಬಟ್ಟೆ ಬಳಸುವುದಿಲ್ಲ. ಉಟ್ಟು ಉಟ್ಟು ಮೆತ್ತಗಾದ ಸೀರೆಯೋ ಧೋತರವೋ ಅಡಿಗೆ, ನಡುವೆ ಮನೆಯಲ್ಲಿ ಸಿಕ್ಕ ಹಳೆ ಬಟ್ಟೆ, ಮೇಲೆ ಬಣ್ಣದ ತುಂಡುಗಳು. ಆಯಿ ಒಂದು ಮೂಲೆಯಿಂದ ಹೊಲಿಗೆ ಹಿಡಿದು ಅಂಚಿನುದ್ದಕ್ಕೂ ಹೋಗಿ, ತಿರುಗಿ, ಅದರ ಒಳಮಗ್ಗುಲಿಗೆ ಮತ್ತೊಂದು ಸುತ್ತು ಹಾಕುತ್ತಿದ್ದಳು. ಸುತ್ತುಗಳು ಚಿಕ್ಕದಾಗುತ್ತ ನಟ್ಟನಡುವೆ ಬಂದು ಮುಗಿಯುತ್ತವೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಯೂ ಹೀಗೆಯೇ ಅಂಚಿನಿಂದ ನಡುವಿಗೆ ಸುತ್ತಿ ಬರುತ್ತದೆ. ಅವರು ಮೂಲೆಗಳಿಗೆ ಮಡಚಿದ ತ್ರಿಕೋನದ ಬಟ್ಟೆ ಸೇರಿಸಿ ಅದನ್ನು ಹೂವು ಎನ್ನುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ.

ಅಂಚಿನಿಂದ ನಡುವಿಗೆ ಹೊಲಿದದ್ದಾದರೆ ಅಂಚಿನ ಹೊಲಿಗೆ ಮೊದಲ ದಿನದ್ದು, ನಡುವಿನದು ಕಡೆಯ ದಿನದ್ದು. ಆಯಿಯ ಕೌದಿಯ ಅಂಚಿನಲ್ಲಿ ಹೊಲಿಗೆ ಜೋಳದ ಕಾಳಿಗಿಂತ ಸಣ್ಣದು, ಒಂದರ ಹಿಂದೊಂದು ಸಾಲು ಹಿಡಿದಿವೆ. ಅರ್ಧ ದಾಟಿದ ಮೇಲೆ ಅವು ಎರಡು ಪಟ್ಟು ಉದ್ದವಾಗಿ, ಸಾಲು ಸೊಟ್ಟಗಾಗುತ್ತವೆ. ಬೇರೆಯವರು ಹೊಲಿದರೇನೋ ಅಂದುಕೊಂಡೆ. ಅತ್ತೆ ತಲೆ ಅಲ್ಲಾಡಿಸಿದಳು. ‘ಕೈ ಅಕಿದ. ಆ ವರ್ಷ ಕಣ್ಣಿಗೆ ಪೊರಿ ಬಂದಿತ್ತು. ಹೆಬ್ಬಟ್ಟು ಇಟಗೊಂಡು ಅಂದಾಜಿಂದ ಹೊಲಿದಾಳ.’ ಕೈ ಬದಲಾಗಿದ್ದರೆ ಸುತ್ತು ತಿರುಗುವ ಮೂಲೆಯಲ್ಲಿ ಗೊತ್ತಾಗುತ್ತದಂತೆ. ಒಬ್ಬೊಬ್ಬರು ಮೂಲೆಯಲ್ಲಿ ಸೂಜಿ ತಿರುಗಿಸುವ ರೀತಿ ಒಂದೊಂದು. ಆಯಿ ಅಂಚಿನಿಂದ ನಡುವಿನವರೆಗೂ ಎಲ್ಲ ಮೂಲೆಯಲ್ಲೂ ಒಂದು ಹೊಲಿಗೆಯನ್ನು ಅಡ್ಡ ಹಾಕಿಯೇ ತಿರುಗಿದ್ದಾಳೆ. ಕಣ್ಣು ಮಂಜಾದ ಮೇಲೂ ಅದನ್ನು ಬಿಟ್ಟಿಲ್ಲ. ಆ ಅಡ್ಡ ಹೊಲಿಗೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಾಗ ನನಗೆ ಮಾತು ಹೊರಡಲಿಲ್ಲ.

ಕೌದಿಯಲ್ಲಿ ಕೆಟ್ಟದ್ದು ಒಂದೇ ಬಣ್ಣ, ಕಪ್ಪು. ಕೆಂಪು, ಹಸಿರು, ಹಳದಿ ತುಂಡುಗಳು ಗಟ್ಟಿಯಾಗಿದ್ದವು. ಅವುಗಳ ಮಗ್ಗುಲಲ್ಲೇ ಇದ್ದ ಕಪ್ಪು ತುಂಡು ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಅದಕ್ಕೆ ಕಾರಣ ಬಣ್ಣದಲ್ಲೇ ಇದೆ. ಅಗ್ಗದ ಹತ್ತಿ ಬಟ್ಟೆಗೆ ಕಪ್ಪು ಹಾಕಲು ಗಂಧಕದ ಬಣ್ಣ ಬಹಳ ಬಳಕೆಯಲ್ಲಿತ್ತು. ಬಟ್ಟೆಯನ್ನು ವರ್ಷಗಟ್ಟಲೆ ಮುಚ್ಚಿಟ್ಟರೆ, ಗಾಳಿಯ ತೇವ ಸೇರಿದಾಗ, ಆ ಗಂಧಕ ನಿಧಾನವಾಗಿ ಆಮ್ಲವಾಗುತ್ತದೆ. ಆಮ್ಲ ಹತ್ತಿಯ ಎಳೆಯನ್ನು ಒಳಗಿಂದಲೇ ತಿನ್ನುತ್ತದೆ. ನುಸಿ ತಿಂದರೆ ತೂತು ಬೀಳುತ್ತದೆ, ಇಲಿ ಕಡಿದರೆ ಅಂಚು ಹರಿದಿರುತ್ತದೆ. ಇಲ್ಲಿ ತೂತೂ ಇಲ್ಲ, ಹರಿದ ಅಂಚೂ ಇಲ್ಲ. ಕಪ್ಪು ಎಲ್ಲಿದೆಯೋ ಅಲ್ಲಿ ಮಾತ್ರ ಬಟ್ಟೆ ಪುಡಿಯಾಗಿದ್ದರೆ ಬಣ್ಣದ ಮೇಲೆಯೇ ಅನುಮಾನ ಪಡಬೇಕು.

ಆ ಪುಡಿಯಾದ ಜಾಗದಿಂದಲೇ ಕೌದಿಯ ಒಳಗು ಕಂಡಿತು. ಮೇಲಿನ ತುಂಡುಗಳೆಲ್ಲ ಬಿಸಿಲು ಬೆಳಕಿಗೆ ಮಾಸಿದವು. ಬೆಳಕು ತಾಗದ ಒಳಪದರದಲ್ಲಿ ನೀಲಿ ಅಕ್ಷರ ನಿನ್ನೆ ಅಚ್ಚು ಹಾಕಿದ ಹಾಗಿತ್ತು. ಹಿಟ್ಟಿನ ಚೀಲ! ಒಗೆದು, ಹೊಲಿಗೆ ಬಿಚ್ಚಿ, ಚಪ್ಪಟೆ ಮಾಡಿ ಹಾಸಿದ್ದಾಳೆ. ಅಕ್ಷರ ತಲೆಕೆಳಗಾಗಿದ್ದವು, ಓದಲು ಆಗಲಿಲ್ಲ. ಮದುವೆಗೆಂದು ಮೇಲೆ ಇದ್ದಬದ್ದ ಚಂದದ ಬಣ್ಣವೆಲ್ಲ ಕೂಡಿಸಿ, ಬೆಚ್ಚಗಿರಲೆಂದು ಒಳಗೆ ಹಿಟ್ಟಿನ ಚೀಲ ತುಂಬಿದ ಆ ಜಾಣತನ ನನಗೆ ಎಲ್ಲ ಬಣ್ಣಕ್ಕಿಂತ ಹಿಡಿಸಿತು. ಉಳಿದ ಪದರಗಳಲ್ಲಿ ಏನಿದೆ ಎಂದು ನೋಡುವ ಆಸೆಯಾಗಿ ಕತ್ತರಿ ತಂದೆ. ಅತ್ತೆ ಇಸಿದುಕೊಂಡಳು. ಒಂದು ಸುತ್ತು ಬಿಚ್ಚಿದರೆ ಪದರಗಳು ಜಾರುತ್ತವೆ. ಮತ್ತೆ ಹೊಲಿದರೆ ಅದು ನಮ್ಮ ಹೊಲಿಗೆಯಾಗುತ್ತದೆಯೇ ಹೊರತು ಆಯಿಯದಲ್ಲ.

ಒಗೆಯುವ ಯೋಚನೆಯನ್ನೂ ಕೈಬಿಟ್ಟೆವು. ಬಿಳಿ ಅರಿವೆಯನ್ನು ನೀರಲ್ಲಿ ಅದ್ದಿ ಹಿಂಡಿ, ಪ್ರತಿ ಬಣ್ಣದ ಮೇಲೂ ಸ್ವಲ್ಪ ಹೊತ್ತು ಒತ್ತಿ ಹಿಡಿದೆವು. ಕೆಂಪಿನ ಮೇಲೆ ಇಟ್ಟಾಗ ಅರಿವೆ ಗುಲಾಬಿಯಾಯಿತು. ಅಂದರೆ ನೀರಿಗೆ ಹಾಕಿದರೆ ಕೆಂಪು ಎಲ್ಲ ಕಡೆ ಹರಿಯುತ್ತದೆ. ಹಾಗಾಗಿ ಸೊಳ್ಳೆಪರದೆಯ ತುಂಡನ್ನು ಕೌದಿಯ ಮೇಲೆ ಇಟ್ಟು, ಅದರ ಮೇಲಿಂದ ವ್ಯಾಕ್ಯೂಮ್ ಕ್ಲೀನರ್‌ನ ಮೆಲ್ಲನೆಯ ಸೆಳೆತದಲ್ಲಿ ಧೂಳು ತೆಗೆದೆವು. ಪರದೆ ಇದ್ದರೆ ಸಡಿಲ ನೂಲು ಮೇಲೆದ್ದು ಬರುವುದಿಲ್ಲ. ಪುಡಿಯಾದ ಕಪ್ಪು ಜಾಗಗಳಿಗೆ ತೆಳ್ಳನೆಯ ಮಲ್ ಬಟ್ಟೆ ಮುಚ್ಚಿ, ಸುತ್ತಲಿನ ಗಟ್ಟಿ ತುಂಡುಗಳಿಗೆ ಮಾತ್ರ ಸೂಜಿ ತಾಗುವಂತೆ ಹೊಲಿದೆವು. ಒಳಗಿನ ನೀಲಿ ಅಕ್ಷರ ಈಗಲೂ ಮಲ್ಲಿನ ಹಿಂದೆ ಮಸುಕಾಗಿ ಕಾಣುತ್ತದೆ.

ಮತ್ತೆ ಟ್ರಂಕಿಗೆ ಹಾಕಲಿಲ್ಲ. ಕಬ್ಬಿಣದ ತುಕ್ಕು ಒಂದು ಅಂಚಿಗೆ ಕಂದು ಕಲೆ ಹಚ್ಚಿತ್ತು, ಅದು ಹೋಗುವಂಥದ್ದಲ್ಲ. ದಪ್ಪ ರಟ್ಟಿನ ಕೊಳವೆಗೆ ಒಗೆದ ಧೋತರ ಸುತ್ತಿ, ಅದರ ಮೇಲೆ ಕೌದಿಯನ್ನು ಮಡಿಕೆ ಬೀಳದಂತೆ ಸುರುಳಿ ಸುತ್ತಿದೆವು. ಮೇಲೆ ಮತ್ತೊಂದು ಧೋತರ. ಪ್ಲಾಸ್ಟಿಕ್ ಚೀಲ ಬೇಡ, ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಬೇವಿನ ಎಲೆಯನ್ನು ನೇರ ಬಟ್ಟೆಯ ಮೇಲೆ ಇಟ್ಟರೆ ಕಲೆಯಾಗುತ್ತದೆ, ಒಣಗಿಸಿ ಗಂಟು ಕಟ್ಟಿ ಮಗ್ಗುಲಲ್ಲಿ ಇಟ್ಟೆವು.

ಸುರುಳಿ ಸುತ್ತುವ ಮುನ್ನ ಅತ್ತೆ ನಟ್ಟನಡುವೆ ಕೈ ಇಟ್ಟಳು. ಅಲ್ಲಿ ಸಾಸಿವೆಯಷ್ಟು ದೊಡ್ಡ ದುಂಡನೆಯ ತೂತು ಇತ್ತು. ‘ನುಸಿ ಒಳಗ ಹೋಗ್ಯಾವೇನು?’ ಅಂದೆ. ‘ಒಳಗಿಂದ ಹೊರಗ ಬಂದಾವ’ ಅಂದಳು. ನಮ್ಮ ಮನೆಯಲ್ಲಿ ಕೌದಿ ಮುಗಿಸುವಾಗ ಅದರ ಹೊಟ್ಟೆ ತುಂಬಿಸುವ ಪದ್ಧತಿ ಇತ್ತಂತೆ. ಕಡೆಯ ತುಂಡು ಮುಚ್ಚುವ ಮುನ್ನ ಐದು ಜೋಳದ ಕಾಳು ಇಡುವುದು, ಹೊದ್ದವರು ಹಸಿದು ಮಲಗಬಾರದು ಎಂದು. ಕಾಳಿನಲ್ಲೇ ಇದ್ದ ಹುಳ ಅದನ್ನು ತಿಂದು, ಬಟ್ಟೆ ಕೊರೆದು ಹೊರಗೆ ಬಂದಿತ್ತು. ಬೆರಳಿನಿಂದ ಒತ್ತಿದರೆ ಒಳಗೆ ಬರೀ ಹೊಟ್ಟಿನ ಸಪ್ಪಳ.

ತೂತು ಮುಚ್ಚಿಬಿಡೋಣ ಎಂದೆ. ಅತ್ತೆ ಎದ್ದು ಒಳಗೆ ಹೋಗಿ ಐದು ಕಾಳು ತಂದಳು. ಹುಳ ಹಿಡಿಯಬಾರದೆಂದು ಒಲೆ ಹಚ್ಚಿ ಹಂಚಿನ ಮೇಲೆ ಅವನ್ನು ಚಟಪಟ ಎನ್ನುವವರೆಗೆ ಹುರಿದು, ಆರಿಸಿ, ತೂತಿನೊಳಗೆ ಒಂದೊಂದಾಗಿ ತೂರಿಸಿದಳು. ಮೂರು ಹೊಲಿಗೆಯಲ್ಲಿ ಬಾಯಿ ಮುಚ್ಚಿದಳು. ಕಡೆಯದನ್ನು ಅಡ್ಡ ಹಾಕಿ ನೂಲು ಹರಿದಳು.