ಸಣ್ಣ ಬೆಡ್‌ರೂಮಿಗೆ ಕೂಲರ್ ಸಾಕಾ, ಎಸಿ ಬೇಕಾ? ಕೊಳ್ಳುವ ಮುಂಚೆ ಈ ಲೆಕ್ಕ ನೋಡಿ

ಲಿಂಗಸುಗೂರು: ಏಪ್ರಿಲ್ ಬಂತೆಂದರೆ ರಾಯಚೂರು ಜಿಲ್ಲೆಯ ಊರುಗಳಲ್ಲಿ ಮಧ್ಯಾಹ್ನದ ಬಿಸಿಲು 40 ಡಿಗ್ರಿ ದಾಟುತ್ತದೆ. ಹಗಲೆಲ್ಲ ಕಾದ ಮಾಳಿಗೆ ಮಧ್ಯರಾತ್ರಿವರೆಗೂ ಕೆಳಗೆ ಝಳ ಬಿಡುತ್ತಲೇ ಇರುತ್ತದೆ. ಫ್ಯಾನ್ ಹಾಕಿದರೆ ಅದೇ ಬಿಸಿಗಾಳಿ ಮೈಮೇಲೆ ಬೀಳುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರೆ ಕೂಲರ್, ವಿಂಡೋ ಎಸಿ, ಸ್ಪ್ಲಿಟ್ ಎಸಿ ಮೂರೂ ಸಾಲಾಗಿ ಇರುತ್ತವೆ. ಹೆಚ್ಚಿನವರು ರೇಟು ನೋಡಿ ತೀರ್ಮಾನ ಮಾಡುತ್ತಾರೆ. ಆದರೆ ರೇಟಿಗಿಂತ ಮೊದಲು ನೋಡಬೇಕಾದ್ದು ಎರಡು: ನಮ್ಮ ಗಾಳಿ ಎಷ್ಟು ಒಣಗಿದೆ, ಮತ್ತು ಮನೆಯ ಕರೆಂಟ್ ಬಿಲ್ 200 ಯೂನಿಟ್ ದಾಟುತ್ತಾ ಇಲ್ಲವಾ.

ಉದಾಹರಣೆಗೆ ಒಂದು ಕೋಣೆ ಹಿಡಿಯೋಣ. 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಮೇಲೆ ಆರ್‌ಸಿಸಿ ಸ್ಲ್ಯಾಬ್, ಪಡುವಣಕ್ಕೆ ಒಂದೇ ಕಿಟಕಿ. ಮಲಗುವವರು ಗಂಡ, ಹೆಂಡತಿ, ಒಂದು ಮಗು.

ಕೂಲರ್ ಗಾಳಿ ಎಷ್ಟು ತಣ್ಣಗಾಗುತ್ತದೆ?

ಕೂಲರ್‌ನಲ್ಲಿ ಗ್ಯಾಸೂ ಇಲ್ಲ, ಕಂಪ್ರೆಸರೂ ಇಲ್ಲ. ಒದ್ದೆ ಪ್ಯಾಡಿನ ಮೂಲಕ ಗಾಳಿ ಹಾಯುವಾಗ ನೀರು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಅದು ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಮಣ್ಣಿನ ಮಡಿಕೆಯ ನೀರು ತಣ್ಣಗಾಗುವುದೂ ಇದೇ ರೀತಿ. ಹಂಗಾಗಿ ಗಾಳಿ ಒಣಗಿದಷ್ಟೂ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ.

ಇದನ್ನು ಮನೆಯಲ್ಲೇ ಅಳೆಯಬಹುದು. ಎರಡು ಸಾದಾ ಥರ್ಮಾಮೀಟರ್ ತಗೊಳ್ಳಿ. ಜ್ವರ ನೋಡುವುದಲ್ಲ, ಕೋಣೆಯ ಬಿಸಿ ನೋಡುವ ಗಾಜಿನ ಕಡ್ಡಿ. ಒಂದರ ಬುಡಕ್ಕೆ ಒದ್ದೆ ಹತ್ತಿ ಬಟ್ಟೆ ಸುತ್ತಿ, ಎರಡನ್ನೂ ನೆರಳಿನಲ್ಲಿ ಫ್ಯಾನಿನ ಮುಂದೆ ಐದು ನಿಮಿಷ ಇಡಿ. ಒಣಗಿದ್ದು 41 ತೋರಿಸಿ ಒದ್ದೆಯದು 23 ತೋರಿಸಿದರೆ ವ್ಯತ್ಯಾಸ 18 ಡಿಗ್ರಿ. ಒಳ್ಳೆ ಪ್ಯಾಡ್ ಇರುವ ಕೂಲರ್ ಈ ವ್ಯತ್ಯಾಸದ ಮುಕ್ಕಾಲು ಭಾಗ ಇಳಿಸುತ್ತದೆ, ಅಂದರೆ 13 ಡಿಗ್ರಿಗೂ ಜಾಸ್ತಿ. ಹೊರಗೆ 41 ಇದ್ದಾಗ ಕೂಲರ್ ಬಾಯಿಂದ 27-28 ಡಿಗ್ರಿ ಗಾಳಿ ಬರುತ್ತದೆ. ಗಾಳಿಯಲ್ಲಿ ತೇವಾಂಶ ಶೇ 20ರ ಆಸುಪಾಸು ಇರುವ ಬೇಸಿಗೆ ಮಧ್ಯಾಹ್ನ ನಮ್ಮ ಕಡೆ ಸಿಗುವ ಲೆಕ್ಕ ಇದು.

ಅದೇ ಜೂನ್‌ನಲ್ಲಿ ಮಳೆಗಾಳಿ ಶುರುವಾದ ಮೇಲೆ ನೋಡಿ. ಬಿಸಿ 34, ತೇವಾಂಶ ಶೇ 60 ಇದ್ದರೆ ಒದ್ದೆ ಥರ್ಮಾಮೀಟರ್ 27-28 ತೋರಿಸುತ್ತದೆ. ವ್ಯತ್ಯಾಸ ಆರೇ ಡಿಗ್ರಿ. ಕೂಲರ್ ಇಳಿಸುವುದು ನಾಲ್ಕೈದು ಡಿಗ್ರಿ, ಜೊತೆಗೆ ಕೋಣೆಗೆ ಇನ್ನಷ್ಟು ತೇವ ತುಂಬುತ್ತದೆ. ಬೆವರು ಆರುವುದಿಲ್ಲ, ಹಾಸಿಗೆ ಜಿಗುಟು ಅನಿಸುತ್ತದೆ. ಆಗ ಕೂಲರ್ ಕೆಟ್ಟಿದೆ ಅಂತ ಅಂಗಡಿಗೆ ಹೊತ್ತು ತರುವವರಿದ್ದಾರೆ. ಕೆಟ್ಟಿರುವುದಿಲ್ಲ, ಗಾಳಿ ಬದಲಾಗಿರುತ್ತದೆ. ಅಂಥ ದಿನ ಪಂಪ್ ಆಫ್ ಮಾಡಿ ಬರೀ ಫ್ಯಾನ್ ಓಡಿಸುವುದೇ ಸರಿ.

ಕಿಟಕಿ ಮುಚ್ಚಿದರೆ ಕೂಲರ್ ವ್ಯರ್ಥ

ಕೂಲರ್ ತಂದವರು ಮಾಡುವ ದೊಡ್ಡ ತಪ್ಪು ಎಂದರೆ ಅದನ್ನು ಕೋಣೆಯೊಳಗೆ ಇಟ್ಟು, ಎಸಿ ಹಾಕಿದವರ ಹಾಗೆ ಬಾಗಿಲು ಕಿಟಕಿ ಬಿಗಿಯುವುದು. ಮೊದಲ ಅರ್ಧ ಗಂಟೆ ತಣ್ಣಗಿರುತ್ತದೆ. ಆಮೇಲೆ ಅದೇ ಒದ್ದೆ ಗಾಳಿ ಸುತ್ತಿ ಸುತ್ತಿ, ನೀರು ಆವಿಯಾಗುವುದೇ ಕಡಿಮೆಯಾಗುತ್ತದೆ. ಜೂನ್ ತಿಂಗಳ ಸೆಖೆಯನ್ನು ಏಪ್ರಿಲ್‌ನಲ್ಲೇ ಮನೆಯೊಳಗೆ ತಯಾರು ಮಾಡಿದ ಹಾಗೆ.

ಕೂಲರ್‌ನ ಬೆನ್ನು ಹೊರಗಿನ ಒಣ ಗಾಳಿಗೆ ಇರಬೇಕು, ಅಂದರೆ ಕಿಟಕಿಯಲ್ಲಿ ಅಥವಾ ಕಿಟಕಿಯ ಹೊರಗೆ ಸ್ಟ್ಯಾಂಡ್ ಮೇಲೆ. ಒಳಗೆ ಬಂದ ಗಾಳಿ ಹೊರಗೆ ಹೋಗಲು ಎದುರು ದಿಕ್ಕಿನಲ್ಲಿ ಸುಮಾರು ಎರಡು ಚದರ ಅಡಿಯಷ್ಟು ದಾರಿ ಬೇಕು. ಒಂದೇ ಕಿಟಕಿಯ ಕೋಣೆಯಾದರೆ ಬಾಗಿಲು ಅರ್ಧ ತೆರೆದು, ಪಡಸಾಲೆಯ ಕಿಟಕಿಯನ್ನೂ ತೆರೆದಿಡಬೇಕು. ಸರಿಯಾಗಿದೆಯಾ ಅಂತ ತಿಳಿಯಲು ಬಾಗಿಲ ಸಂದಿಗೆ ಒಂದು ಕಾಗದದ ಚೂರು ಹಿಡಿಯಿರಿ. ಅದು ಹೊರಕ್ಕೆ ಬಾಗಿದರೆ ಗಾಳಿ ಹಾಯುತ್ತಿದೆ ಅಂತ ಅರ್ಥ.

ನಮ್ಮ ಉದಾಹರಣೆಯ ಕೋಣೆಯಲ್ಲಿ 1000 ಘನ ಅಡಿ ಗಾಳಿ ಇದೆ. ಎರಡು ನಿಮಿಷಕ್ಕೊಮ್ಮೆ ಅಷ್ಟೂ ಬದಲಾಗಬೇಕೆಂದರೆ ಗಂಟೆಗೆ ಸುಮಾರು 850 ಘನ ಮೀಟರ್ ಗಾಳಿ ಎಸೆಯುವ ಕೂಲರ್ ಬೇಕು. ಪೆಟ್ಟಿಗೆ ಮೇಲೆ 1200ರಷ್ಟು ಬರೆದಿರುವುದನ್ನು ತಗೊಂಡರೆ ಕಡಿಮೆ ಬೀಳುವುದಿಲ್ಲ.

ನೀರಿನ ಲೆಕ್ಕವೂ ಇದೆ. ಉರಿಬಿಸಿಲಲ್ಲಿ ಇಂಥ ಕೂಲರ್ ಗಂಟೆಗೆ ಐದು ಲೀಟರ್‌ವರೆಗೆ, ರಾತ್ರಿ ಸುಮಾರು ಮೂರು ಲೀಟರ್ ಕುಡಿಯುತ್ತದೆ. ನಳದ ನೀರು ಐದಾರು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಇದು ಸಣ್ಣ ಮಾತಲ್ಲ. ಬೋರ್‌ವೆಲ್ ನೀರಾದರೆ ಪ್ಯಾಡಿಗೆ ಬಿಳಿ ಸುಣ್ಣದಂಥ ಪೊರೆ ಕಟ್ಟುತ್ತದೆ. ವಾರಕ್ಕೊಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಳಗೋಡೆ ಉಜ್ಜಿ ತೊಳೆಯಬೇಕು. ಪ್ಯಾಡಿನ ಆಯಸ್ಸಿಗಷ್ಟೇ ಅಲ್ಲ, ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನಲ್ಲೇ.

ವಿಂಡೋ ಮತ್ತು ಸ್ಪ್ಲಿಟ್: ಎಲ್ಲಿ ವ್ಯತ್ಯಾಸ?

ತಂಪು ಮಾಡುವ ವಿಧಾನ ಎರಡರಲ್ಲೂ ಒಂದೇ. ಒಂದು ಟನ್ ಅಂದರೆ ಎರಡರಲ್ಲೂ ಒಂದು ಟನ್ನೇ. ಮಾಳಿಗೆ ನೇರ ಬಿಸಿಲಿಗೆ ಇರುವ 10-10 ಕೋಣೆಗೆ ಅಷ್ಟು ಸಾಕು. ಹೊರಗೆ ಮಳೆ ಇರಲಿ, ಒಣಗಾಳಿ ಇರಲಿ, ಎಸಿಗೆ ವ್ಯತ್ಯಾಸವಿಲ್ಲ. ಅದಕ್ಕೆ ಬೇಕಾದ್ದು ಬಿಗಿಯಾಗಿ ಮುಚ್ಚಿದ ಕೋಣೆ.

ವಿಂಡೋ ಎಸಿಯಲ್ಲಿ ಎಲ್ಲವೂ ಒಂದೇ ಡಬ್ಬದಲ್ಲಿದೆ. ತಾಮ್ರದ ಪೈಪ್ ಎಳೆಯುವ ಕೆಲಸವಿಲ್ಲ, ಬಾಡಿಗೆ ಮನೆ ಬಿಡುವಾಗ ಎತ್ತಿಕೊಂಡು ಹೋಗಬಹುದು. ಆದರೆ ಕಿಟಕಿಯ ಸರಳು ಕತ್ತರಿಸಬೇಕು, ಇರುವ ಒಂದು ಕಿಟಕಿಯೂ ಹೋಗುತ್ತದೆ, ಕಂಪ್ರೆಸರ್ ಸದ್ದು ತಲೆದಿಂಬಿನ ಹತ್ತಿರವೇ ಇರುತ್ತದೆ. ಸ್ಪ್ಲಿಟ್‌ನಲ್ಲಿ ಸದ್ದು ಹೊರಗೆ, ಕಿಟಕಿ ಉಳಿಯುತ್ತದೆ. ಆದರೆ ಗೋಡೆಗೆ ತೂತು, ಪೈಪು, ಕೂರಿಸುವ ಖರ್ಚು ಬೇರೆ. ಮನೆ ಬದಲಿಸಿದಾಗ ಬಿಚ್ಚಿ ಕೂರಿಸುವಾಗ ಗ್ಯಾಸ್ ಸೋರಿದರೆ ಮತ್ತೆ ತುಂಬಿಸಬೇಕು. ಹೊರಗಿನ ಯೂನಿಟ್ಟನ್ನು ಪಡುವಣ ಗೋಡೆಗೆ ಬಿಸಿಲಲ್ಲಿ ತೂಗುಹಾಕದೆ, ನೆರಳಿರುವ, ಸುತ್ತ ಗಾಳಿ ಆಡುವ ಜಾಗ ನೋಡಬೇಕು. ಯಾಕೆಂದರೆ ಎಸಿಯ ಸಾಮರ್ಥ್ಯ ಅಳೆಯುವುದು ಹೊರಗೆ 35 ಡಿಗ್ರಿ ಇದ್ದಾಗ. 42 ಡಿಗ್ರಿಯಲ್ಲಿ ಅದು ಅಷ್ಟು ತಂಪು ಕೊಡುವುದಿಲ್ಲ, ಕರೆಂಟ್ ಜಾಸ್ತಿ ಎಳೆಯುತ್ತದೆ.

ಸ್ಟಾರ್ ವಿಷಯದಲ್ಲಿ ಒಂದು ಎಚ್ಚರ. ವಿಂಡೋ ಎಸಿಗೂ ಸ್ಪ್ಲಿಟ್‌ಗೂ ಸ್ಟಾರ್ ಅಳತೆ ಬೇರೆ ಬೇರೆ. ವಿಂಡೋದ 5 ಸ್ಟಾರ್ ಮತ್ತು ಸ್ಪ್ಲಿಟ್‌ನ 5 ಸ್ಟಾರ್ ಒಂದೇ ಅಲ್ಲ. ಲೇಬಲ್‌ನಲ್ಲಿ ಐಎಸ್‌ಇಇಆರ್ ಅಂತ ಒಂದು ಅಂಕಿ ಇರುತ್ತದೆ. ಅದು ಹೆಚ್ಚಿದ್ದಷ್ಟು ಕರೆಂಟ್ ಕಡಿಮೆ. ಸ್ಟಾರ್ ಎಣಿಸದೆ ಆ ಅಂಕಿ ಹೋಲಿಸಿ.

200 ಯೂನಿಟ್ ಗೆರೆ

ಈಗ ಬಿಲ್ಲಿಗೆ ಬರೋಣ. ಉದಾಹರಣೆಯ ಮನೆ ಸಾಮಾನ್ಯವಾಗಿ ತಿಂಗಳಿಗೆ 90 ಯೂನಿಟ್ ಬಳಸುತ್ತದೆ. ಗೃಹಜ್ಯೋತಿಯಲ್ಲಿ 2022-23ರ ಸರಾಸರಿಗೆ ಶೇ 10 ಸೇರಿ 99 ಯೂನಿಟ್ ಉಚಿತ ಎಂದಿಟ್ಟುಕೊಳ್ಳಿ. 99ರಿಂದ 200ರ ಒಳಗೆ ಬಳಸಿದರೆ ಹೆಚ್ಚಾದ ಯೂನಿಟ್‌ಗಷ್ಟೇ ದುಡ್ಡು. 200 ದಾಟಿತೋ, ಮೊದಲ ಯೂನಿಟ್‌ನಿಂದ ಪೂರ್ತಿ ಬಿಲ್. ತೆರಿಗೆ ಸೇರಿ ಯೂನಿಟ್‌ಗೆ ಅಂದಾಜು 7 ರೂಪಾಯಿ ಹಿಡಿದು ಲೆಕ್ಕ ಹಾಕಿದರೆ ಹೀಗೆ ಬರುತ್ತದೆ.

150 ವ್ಯಾಟ್ ಕೂಲರ್ ದಿನಕ್ಕೆ 10 ಗಂಟೆ ಓಡಿದರೆ ತಿಂಗಳಿಗೆ 45 ಯೂನಿಟ್. ಒಟ್ಟು 135. ಕಟ್ಟಬೇಕಾದ್ದು 36 ಯೂನಿಟ್‌ಗೆ, ಸುಮಾರು 250 ರೂಪಾಯಿ.

ಒಂದು ಟನ್ ಇನ್ವರ್ಟರ್ ಸ್ಪ್ಲಿಟ್ ನಮ್ಮ ಬಿಸಿಲಿಗೆ ಗಂಟೆಗೆ ಸರಾಸರಿ 0.6 ಯೂನಿಟ್ ಸುಡುತ್ತದೆ ಎಂದು ಹಿಡಿದರೆ, ರಾತ್ರಿ 8 ಗಂಟೆಗೆ ತಿಂಗಳಿಗೆ 144 ಯೂನಿಟ್. ಒಟ್ಟು 234. ಗೆರೆ ದಾಟಿತು, ಬಿಲ್ 1,638 ರೂಪಾಯಿ, ಫಿಕ್ಸೆಡ್ ಚಾರ್ಜ್ ಬೇರೆ. ಇನ್ವರ್ಟರ್ ಇಲ್ಲದ ವಿಂಡೋ ಎಸಿ ಗಂಟೆಗೆ 0.85ರಂತೆ 204 ಯೂನಿಟ್ ಎಳೆದರೆ ಒಟ್ಟು 294, ಬಿಲ್ 2,058 ರೂಪಾಯಿ.

ಅದೇ ಸ್ಪ್ಲಿಟ್ಟನ್ನು ರಾತ್ರಿ 10ಕ್ಕೆ ಹಚ್ಚಿ, ಬೆಳಗಿನ ಜಾವ 4ಕ್ಕೆ ಬಂದಾಗುವಂತೆ ಟೈಮರ್ ಇಟ್ಟರೆ? ಆರು ಗಂಟೆಗೆ 108 ಯೂನಿಟ್, ಒಟ್ಟು 198. ಕಟ್ಟುವುದು 99 ಯೂನಿಟ್‌ಗೆ ಮಾತ್ರ, ಸುಮಾರು 700 ರೂಪಾಯಿ. ಕೊನೆಯ ಎರಡು ಗಂಟೆಯ ತಂಪಿಗೆ ಸಾವಿರದಷ್ಟು ರೂಪಾಯಿ ಹೋಗುತ್ತದೆ ಎಂದಾಯಿತು. 26 ಡಿಗ್ರಿಗೆ ಇಟ್ಟು ಫ್ಯಾನ್ ನಿಧಾನಕ್ಕೆ ತಿರುಗಿಸಿದರೆ ಇನ್ನೂ ಸ್ವಲ್ಪ ಉಳಿಯುತ್ತದೆ.

ಬಿಲ್ ಬರುವವರೆಗೆ ಕಾಯಬೇಕಿಲ್ಲ. ಮೀಟರ್ ರೀಡಿಂಗ್ ಆದ ದಿನದ ಅಂಕಿ ಬರೆದಿಟ್ಟು, ಹತ್ತನೇ ದಿನ ಮತ್ತೆ ನೋಡಿ. 66 ಯೂನಿಟ್ ದಾಟಿದ್ದರೆ ತಿಂಗಳಿಗೆ 200 ದಾಟುವ ದಾರಿಯಲ್ಲಿದ್ದೀರಿ.

ಎಸಿ ತಗೊಳ್ಳುವವರು ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಇದೆ ನೋಡಬೇಕು. ಒಂದೇ ಇದ್ದರೆ ಜೆಸ್ಕಾಂಗೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಬೇಕು. ಪ್ಲಗ್ 16 ಆಂಪಿಯರ್‌ದು, ಅದಕ್ಕೆ ಬೇರೆಯದೇ ವೈರು, ಎಂಸಿಬಿ ಮತ್ತು ಸರಿಯಾದ ಅರ್ಥಿಂಗ್ ಬೇಕು. ಎಸಿ ಹಚ್ಚಿದಾಗ ಪ್ಲಗ್ ಮುಟ್ಟಿ ಬಿಸಿ ಅನಿಸಿದರೆ ತಕ್ಷಣ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕರೆಂಟ್ ಪದೇ ಪದೇ ಹೋಗುವ ಕಡೆ ಇನ್ನೊಂದು ಮಾತು: ಕೂಲರ್ ಮನೆಯ ಯುಪಿಎಸ್ ಮೇಲೂ ಓಡುತ್ತದೆ, ಎಸಿ ಸಾಮಾನ್ಯ ಯುಪಿಎಸ್ ಮೇಲೆ ಓಡುವುದಿಲ್ಲ.

ಯಾರಿಗೆ ಯಾವುದು?

ನೀರಿನ ತೊಂದರೆ ಇಲ್ಲ, ಗಾಳಿ ಹಾಯಲು ಎರಡು ಕಡೆ ದಾರಿ ಇದೆ ಎನ್ನುವ ಮನೆಗೆ ಮಾರ್ಚ್‌ನಿಂದ ಮೇವರೆಗೆ ಕೂಲರ್ ಧಾರಾಳವಾಗಿ ಸಾಕು. ಧೂಳಿಗೋ ಸೊಳ್ಳೆಗೋ ಕಿಟಕಿ ತೆರೆಯಲು ಆಗುವುದಿಲ್ಲ, ಉಬ್ಬಸದವರಿದ್ದು ತೇವದ ಗಾಳಿ ಆಗಿಬರುವುದಿಲ್ಲ, ಅಥವಾ ನೀರೇ ಇಲ್ಲ ಎಂದರೆ ಎಸಿ ಬೇಕು. ಸ್ವಂತ ಮನೆಯಲ್ಲಿ ವರ್ಷಾನುಗಟ್ಟಲೆ ದಿನಾ ರಾತ್ರಿ ಹಚ್ಚುವವರಿಗೆ ಇನ್ವರ್ಟರ್ ಸ್ಪ್ಲಿಟ್ ಲಾಭ. ಬಾಡಿಗೆ ಮನೆಯಲ್ಲಿದ್ದು ತೀರಾ ಉರಿಯುವ ದಿನ ಮಾತ್ರ ಎರಡು-ಮೂರು ಗಂಟೆ ಬೇಕೆನ್ನುವವರಿಗೆ ವಿಂಡೋ ನಡೆಯುತ್ತದೆ.

ಎಸಿ ಮತ್ತು ಕೂಲರ್ ಎರಡೂ ಇರುವವರು ಒಂದೇ ಕೋಣೆಯಲ್ಲಿ ಎರಡನ್ನೂ ಒಟ್ಟಿಗೆ ಹಚ್ಚಬಾರದು. ಕೂಲರ್ ತುಂಬಿದ ತೇವವನ್ನು ಎಸಿ ಮತ್ತೆ ನೀರು ಮಾಡಿ ಹೊರಹಾಕಬೇಕು. ಎರಡಕ್ಕೂ ದುಡ್ಡು ಕೊಡುವವರು ನೀವೇ.