ಮಾರ್ಚ್ ಕ್ಲೋಸಿಂಗ್ ಸಮಯದಲ್ಲಿ ರಜೆ ಕೇಳುವುದು ಹೇಗೆ?



ಮಾರ್ಚ್ ಬಂತೆಂದರೆ ನಮ್ಮ ಸಂಘಗಳಲ್ಲೂ ಲೆಕ್ಕ ಮುಗಿಸುವ ಗಡಿಬಿಡಿ. ರಾಜಾಜಿನಗರ, ಕೆಂಗೇರಿ ಕಡೆ ಆಫೀಸುಗಳಲ್ಲಿ ಲೆಕ್ಕ ಬರೆಯುವ ಸದಸ್ಯೆಯರಿಗೆ ಇದು ಇನ್ನೂ ಹೆಚ್ಚು. "31 ಮುಗಿಯೋವರೆಗೂ ಯಾರೂ ರಜೆ ಕೇಳ್ಬೇಡಿ" ಎಂದು ಮಾಲೀಕರು ಮೊದಲೇ ಹೇಳಿಬಿಡುತ್ತಾರೆ. ಆದರೆ ಕಷ್ಟ ತಿಂಗಳು ನೋಡಿಕೊಂಡು ಬರುತ್ತದೆಯೇ?

ಒಂದು ಉದಾಹರಣೆ ನೋಡೋಣ. ಸಣ್ಣ ಕಾರ್ಖಾನೆಯೊಂದರಲ್ಲಿ ಲೆಕ್ಕ ನೋಡುವ ಸದಸ್ಯೆಯ ತಾಯಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಮಾರ್ಚ್ 29ಕ್ಕೆ ಆಪರೇಷನ್ ಎಂದಿಟ್ಟುಕೊಳ್ಳಿ. ಜೊತೆಗಿರಲು ಬೇರೆ ಯಾರೂ ಇಲ್ಲ. 28ರಿಂದ 5 ದಿನ ರಜೆ ಬೇಕು.

"ಒಂದು ವಾರ ಮುಂದೆ ಹಾಕಕ್ಕಾಗಲ್ವಾ?" ಎಂದೇ ಮಾಲೀಕರು ಮೊದಲು ಕೇಳುತ್ತಾರೆ. ಅದನ್ನು ಡಾಕ್ಟರ ಹತ್ತಿರ ನಾವೇ ಮೊದಲು ಕೇಳಿಕೊಂಡಿರಬೇಕು. ತಾರೀಖು ಬರೆದ ಆಸ್ಪತ್ರೆ ಚೀಟಿಯ ಜೆರಾಕ್ಸ್ ಅರ್ಜಿಗೆ ಲಗತ್ತಿಸಬೇಕು. "ಮನೆಯಲ್ಲಿ ತೊಂದರೆ" ಎಂದಷ್ಟೇ ಬರೆದರೆ ಯಾರೂ ನಂಬುವುದಿಲ್ಲ.

ಆಮೇಲೆ ಒಂದು ಹಾಳೆಯಲ್ಲಿ ಕೆಲಸವನ್ನು 3 ಭಾಗ ಮಾಡಿ. ಕ್ಲೋಸಿಂಗ್ ಕೆಲಸವೆಲ್ಲ 31ರಂದೇ ಆಗಬೇಕಿಲ್ಲ, ಇದನ್ನು ಬಹಳ ಜನ ಗಮನಿಸುವುದಿಲ್ಲ.

ಮೊದಲೇ ಮುಗಿಸಬಹುದಾದದ್ದು: ಫೆಬ್ರವರಿವರೆಗಿನ ಬಿಲ್, ವೋಚರ್ ಬರೆಯುವುದು, ಬ್ಯಾಂಕ್ ಪುಸ್ತಕಕ್ಕೆ ತಾಳೆ ನೋಡುವುದು, ಬಾಕಿದಾರರಿಗೆ ಫೋನ್ ಮಾಡುವುದು.

31ರಂದೇ ಆಗಬೇಕಾದದ್ದು: ಸ್ಟಾಕ್ ಎಣಿಕೆ, ಕೈಯಲ್ಲಿರುವ ನಗದಿನ ಎಣಿಕೆ, ಕೊನೆಯ ದಿನದ ಬಿಲ್. ಇದಕ್ಕೆ ಮಾತ್ರ ಇನ್ನೊಬ್ಬರು ಬೇಕು.

ಬಂದಮೇಲೆ ಮಾಡಬಹುದಾದದ್ದು: ತಿಂಗಳಿಗೊಮ್ಮೆ ಜಿಎಸ್‌ಟಿ ಸಲ್ಲಿಸುವವರಿಗೆ ಮಾರ್ಚ್ ಮಾರಾಟದ ವಿವರ ಕೊಡಲು ಏಪ್ರಿಲ್ 11ರವರೆಗೆ, ಪಿಎಫ್, ಇಎಸ್‌ಐ ಕಟ್ಟಲು 15ರವರೆಗೆ ಸಮಯವಿರುತ್ತದೆ.

ಈ ಹಾಳೆ ಮತ್ತು ಅರ್ಜಿಯನ್ನು ಮಾರ್ಚ್ 10ರೊಳಗೆ ಕೊಡಿ. 27ರಂದು ಹೇಳಿದರೆ ಮಾಲೀಕರಿಗೂ ದಾರಿ ಇರುವುದಿಲ್ಲ. ಅರ್ಜಿಯಲ್ಲಿ ಇಷ್ಟು ಸಾಕು: "ತಾಯಿಯ ಆಪರೇಷನ್ ಮಾರ್ಚ್ 29ಕ್ಕೆ ನಿಗದಿಯಾಗಿದೆ. 28ರಿಂದ ಏಪ್ರಿಲ್ 1ರವರೆಗೆ ರಜೆ ಬೇಕು. 31ರ ಎಣಿಕೆಯನ್ನು ನನ್ನ ಸಹೋದ್ಯೋಗಿ ಒಪ್ಪಿಕೊಂಡಿದ್ದಾರೆ. ಉಳಿದ ಕೆಲಸದ ಪಟ್ಟಿ ಲಗತ್ತಿಸಿದೆ."

ಎಡವುವುದು ಜವಾಬ್ದಾರಿ ಒಪ್ಪಿಸುವಾಗ. ಬಾಯಿಮಾತಲ್ಲಿ ಹೇಳಿ ಹೋದರೆ ಆಸ್ಪತ್ರೆಯಲ್ಲಿ ಕೂತಾಗಲೂ ಫೋನ್ ತಪ್ಪುವುದಿಲ್ಲ. ಆದ್ದರಿಂದ 25ರಂದು ಆ ಸಹೋದ್ಯೋಗಿಯೇ ಒಂದು ದಿನದ ಕೆಲಸ ಮಾಡಲಿ, ನೀವು ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಿ. ಅವರು ಎಲ್ಲಿ ನಿಲ್ಲುತ್ತಾರೋ ಅದನ್ನು ಬರೆದುಕೊಡಿ. ಹೊರಡುವ ಮುಂಚೆ ನಗದು ಎಣಿಸಿ ಇಬ್ಬರೂ ಸಹಿ ಹಾಕಿ, ಸಂಘದ ಪೆಟ್ಟಿಗೆ ಹಣಕ್ಕೆ ನಾವು ಮಾಡುವ ಹಾಗೆ. ಕಂಪ್ಯೂಟರಿನ ನಿಮ್ಮ ಪಾಸ್‌ವರ್ಡ್ ಕೊಡಬೇಡಿ. ಅವರಿಗೇ ಬೇರೆ ಮಾಡಿಸಿಕೊಡಲು ಮಾಲೀಕರಿಗೆ ಹೇಳಿ.

ಇಷ್ಟಾದರೂ ರಜೆ ಸಿಗದೇ ಹೋಗಬಹುದು. ಆಗ ಅರ್ಧ ದಾರಿಗೆ ಬನ್ನಿ: 28ರಿಂದ 30ರವರೆಗೆ ರಜೆ, 31ರಂದು ಎಣಿಕೆಗೆ ಅರ್ಧ ದಿನ ಬರುತ್ತೇನೆ ಎನ್ನಿ. ಆ ಅರ್ಧ ದಿನ ತಾಯಿಯ ಹತ್ತಿರ ಸಂಘದ ಸದಸ್ಯೆಯೊಬ್ಬರು ಕೂರಬಹುದು. ಅರ್ಜಿಯ ಒಂದು ಪ್ರತಿಯ ಮೇಲೆ ತಲುಪಿದ ಸಹಿ ಹಾಕಿಸಿ ಇಟ್ಟುಕೊಳ್ಳಿ. ಕಾರ್ಖಾನೆ ಕಾರ್ಮಿಕರು ಕೇಳಿಯೂ ಸಿಗದ ಸಂಬಳದ ರಜೆ ಕಾನೂನಿನ ಪ್ರಕಾರ ಮುಂದಿನ ವರ್ಷಕ್ಕೆ ಹೋಗುತ್ತದೆ, ಕಳೆದುಹೋಗುವುದಿಲ್ಲ. ಕೇಳಿದ್ದಕ್ಕೆ ಗುರುತು ಆ ಪ್ರತಿಯೇ.